ನಾಲ್ಕು ತಿಂಗಳಿಗೆ ಎಂಟು ಲಕ್ಷ

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ನಿವೃತ್ತರಾಗುತ್ತಾರೆ ಎಂದುಕೊಳ್ಳಿ. ಜೂನ್ ಮಧ್ಯದಲ್ಲಿ ಅವರ ಉಳಿತಾಯ ಖಾತೆಗೆ ಗ್ರಾಚ್ಯುಟಿ ಬಂದು ಬೀಳುತ್ತದೆ. ಅದರಲ್ಲಿ ಎಂಟು ಲಕ್ಷ ರೂಪಾಯಿಯನ್ನು ಹಳೆಯ ಮನೆ ಕೆಡವಿ ಹೊಸದಾಗಿ ಕಟ್ಟಿಸಲು ಎತ್ತಿಟ್ಟಿದ್ದಾರೆ. ಆದರೆ ಮೇಸ್ತ್ರಿ ಮಳೆಗಾಲದಲ್ಲಿ ಪಾಯ ತೆಗೆಯಲು ಒಪ್ಪುವುದಿಲ್ಲ, ಕೆಲಸ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲೇ. ಈ ನಾಲ್ಕು ತಿಂಗಳು ಹಣ ಎಲ್ಲಿರಬೇಕು?

ಷೇರಿನ ಮಾತು ಇಲ್ಲಿ ಬೇಡ. ಅಕ್ಟೋಬರ್‌ನಲ್ಲಿ ಮಾರುಕಟ್ಟೆ ಬಿದ್ದಿದ್ದರೆ ಮೇಸ್ತ್ರಿ ಕಾಯುವುದಿಲ್ಲ. ಹಾಗೆಂದು ಉಳಿತಾಯ ಖಾತೆಯಲ್ಲೇ ಬಿಟ್ಟರೆ, 2025ರಲ್ಲಿ ದೊಡ್ಡ ಬ್ಯಾಂಕುಗಳು ಇಳಿಸಿದ ದರದ ಪ್ರಕಾರ ವರ್ಷಕ್ಕೆ ಶೇ 2.5ರಷ್ಟು ಬಡ್ಡಿ ಸಿಗುತ್ತದೆ. ನಾಲ್ಕು ತಿಂಗಳಿಗೆ ಅದು ಸುಮಾರು 6,700 ರೂಪಾಯಿ. ಇಂಥ ಹಣಕ್ಕೆ ಬ್ಯಾಂಕಿನವರು, ಏಜೆಂಟರು, ಫೋನಿನಲ್ಲಿ ಬರುವ ಜಾಹೀರಾತುಗಳು ಸೂಚಿಸುವ ಹೆಸರುಗಳು ಮೂರು: ಲಿಕ್ವಿಡ್ ಫಂಡ್, ಟ್ರೆಷರಿ ಬಿಲ್, ಕಮರ್ಷಿಯಲ್ ಪೇಪರ್. ಮೂರನ್ನೂ ಒಂದೇ ಸಾಲಿನಲ್ಲಿ ಹೇಳುವುದರಿಂದ ಅವು ಮೂರು ಬೇರೆ ಬೇರೆ ಸರಕು ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಲಿಕ್ವಿಡ್ ಫಂಡ್ ಎಂಬುದು ಒಂದು ಬುಟ್ಟಿ, ಉಳಿದೆರಡು ಆ ಬುಟ್ಟಿಯೊಳಗೆ ಇರುವ ಕಾಗದಗಳು. ಬುಟ್ಟಿಯಲ್ಲಿ ಯಾವುದು ಎಷ್ಟಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಹಾಗಾಗಿ ಮೊದಲು ಕಾಗದಗಳನ್ನೇ ನೋಡೋಣ.

ಗುರುವಾರದಿಂದ ಗುರುವಾರಕ್ಕೆ

ಟ್ರೆಷರಿ ಬಿಲ್ ಎಂದರೆ ಕೇಂದ್ರ ಸರ್ಕಾರ ಮಾಡುವ ಅಲ್ಪಾವಧಿ ಸಾಲದ ಪತ್ರ. ಪೇಟೆಯವರ ಬಾಯಲ್ಲಿ ಅದು ಟಿ-ಬಿಲ್. 91 ದಿನ, 182 ದಿನ ಮತ್ತು 364 ದಿನ ಎಂದು ಮೂರು ಅವಧಿಗಳಲ್ಲಿ ಬರುತ್ತದೆ. ಈ ವಿಚಿತ್ರ ಸಂಖ್ಯೆಗಳಿಗೆ ಕಾರಣ ಸರಳ. 91 ದಿನ ಎಂದರೆ ಸರಿಯಾಗಿ ಹದಿಮೂರು ವಾರ, 182 ಎಂದರೆ ಇಪ್ಪತ್ತಾರು, 364 ಎಂದರೆ ಐವತ್ತೆರಡು. ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಪ್ರತಿ ಬುಧವಾರ ಹರಾಜು ನಡೆಸುತ್ತದೆ, ಗುರುವಾರ ಬಿಲ್ ನಿಮ್ಮ ಖಾತೆಗೆ ಬರುತ್ತದೆ, ಹದಿಮೂರು ವಾರ ಕಳೆದು ಮತ್ತೊಂದು ಗುರುವಾರ ಹಣ ವಾಪಸ್ ಬರುತ್ತದೆ. ರಜೆ ಅಡ್ಡ ಬಂದರೆ ಮಾತ್ರ ದಿನ ಅತ್ತಿತ್ತ ಆಗುತ್ತದೆ.

ಇದಕ್ಕೆ ಬಡ್ಡಿ ಎಂದು ಬೇರೆಯಾಗಿ ಏನೂ ಕೊಡುವುದಿಲ್ಲ. ಮುಖಬೆಲೆಗಿಂತ ಕಡಿಮೆ ಬೆಲೆಗೆ ಕೊಳ್ಳುತ್ತೀರಿ, ಅವಧಿ ಮುಗಿದಾಗ ಪೂರ್ತಿ ಮುಖಬೆಲೆ ಸಿಗುತ್ತದೆ. ನಡುವಿನ ವ್ಯತ್ಯಾಸವೇ ನಿಮ್ಮ ಆದಾಯ. 2025ರ ದ್ವಿತೀಯಾರ್ಧದಲ್ಲಿ 91 ದಿನದ ಬಿಲ್‌ಗಳ ಇಳುವರಿ ಐದೂವರೆಯ ಆಸುಪಾಸಿನಲ್ಲಿತ್ತು. ಅದನ್ನೇ ಹಿಡಿದು ಲೆಕ್ಕ ಹಾಕೋಣ. 100 ರೂಪಾಯಿ ಮುಖಬೆಲೆಯ ಬಿಲ್ಲಿಗೆ ಶೇ 5.5ರ ಇಳುವರಿಯಲ್ಲಿ ಬೆಲೆ 98 ರೂಪಾಯಿ 65 ಪೈಸೆಯ ಹತ್ತಿರ ಬರುತ್ತದೆ. ನಮ್ಮ ಶಿಕ್ಷಕಿ ಎಂಟು ಲಕ್ಷ ಮುಖಬೆಲೆಯ ಬಿಲ್ ಕೊಂಡರೆ ಅವರ ಖಾತೆಯಿಂದ ಹೋಗುವುದು ಸುಮಾರು 7,89,200 ರೂಪಾಯಿ. ಹದಿಮೂರು ವಾರದ ನಂತರ ಬರುವುದು 8,00,000. ಲಾಭ ಸುಮಾರು 10,800. ಕೊಂಡ ದಿನವೇ ಈ ಮೊತ್ತ ಗೊತ್ತಿರುತ್ತದೆ. ಕೊನೆಯವರೆಗೆ ಇಟ್ಟುಕೊಂಡರೆ ನಡುವೆ ಬಡ್ಡಿದರ ಏರಲಿ, ಇಳಿಯಲಿ, ಲೆಕ್ಕ ಬದಲಾಗದು.

ಬಹಳ ಕಾಲ ಈ ಬಿಲ್‌ಗಳು ಬ್ಯಾಂಕು, ವಿಮಾ ಕಂಪನಿಗಳ ನಡುವಿನ ವ್ಯವಹಾರವಾಗಿಯೇ ಇದ್ದವು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ 'ರಿಟೇಲ್ ಡೈರೆಕ್ಟ್' ಯೋಜನೆ ಆರಂಭಿಸಿದ ಮೇಲೆ ಸಾಮಾನ್ಯರಿಗೂ ನೇರ ದಾರಿ ಸಿಕ್ಕಿತು. rbiretaildirect.org.in ತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಮತ್ತು ಗುರುತಿನ ದಾಖಲೆ ಕೊಟ್ಟು ಖಾತೆ ತೆರೆಯಬಹುದು. ಖಾತೆಗೂ ಶುಲ್ಕವಿಲ್ಲ, ಹರಾಜಿನಲ್ಲಿ ಕೊಳ್ಳಲೂ ಶುಲ್ಕವಿಲ್ಲ. ಕನಿಷ್ಠ 10,000 ರೂಪಾಯಿ, ಆಮೇಲೆ ಹತ್ತು ಸಾವಿರದ ಗುಣಕಗಳಲ್ಲಿ.

ಹರಾಜು ಎಂಬ ಮಾತು ಕೇಳಿ ಹಿಂಜರಿಯುವವರಿದ್ದಾರೆ. ಬೆಲೆ ಎಷ್ಟು ಕೂಗಬೇಕು ಎಂದು ಅವರಿಗೆ ಚಿಂತೆ. ಕೂಗುವ ಅಗತ್ಯವೇ ಇಲ್ಲ. ಸಣ್ಣ ಹೂಡಿಕೆದಾರರು 'ನಾನ್ ಕಾಂಪಿಟಿಟಿವ್' ಬಿಡ್ ಹಾಕುತ್ತಾರೆ. ಅಂದರೆ ಎಷ್ಟು ಮುಖಬೆಲೆಯ ಬಿಲ್ ಬೇಕು ಎಂದು ಮಾತ್ರ ಹೇಳುತ್ತಾರೆ. ಬ್ಯಾಂಕುಗಳು, ದೊಡ್ಡ ಸಂಸ್ಥೆಗಳು ಪೈಪೋಟಿಯಲ್ಲಿ ಕೂಗಿದ ಬೆಲೆಗಳಲ್ಲಿ ಒಪ್ಪಿಗೆಯಾದವುಗಳ ಸರಾಸರಿಯೇ ಸಣ್ಣವರ ಬೆಲೆ. ಅವರಿಗಾಗಿ ಒಂದು ಸಣ್ಣ ಪಾಲನ್ನು ಪ್ರತಿ ಹರಾಜಿನಲ್ಲೂ ಮೀಸಲಿಡುತ್ತಾರೆ. ಹರಾಜಿಗೆ ಮೊದಲು ಅಂತಿಮ ಬೆಲೆ ಗೊತ್ತಿರದ ಕಾರಣ ಅಂದಾಜು ಮೊತ್ತವನ್ನು ಮುಂಚೆಯೇ ಕಟ್ಟಿಸಿಕೊಳ್ಳುತ್ತಾರೆ, ಹೆಚ್ಚಾದದ್ದು ಆಮೇಲೆ ಖಾತೆಗೆ ವಾಪಸ್ ಬರುತ್ತದೆ. ಬುಧವಾರ ಬೆಳಿಗ್ಗೆ ಕಿಟಕಿ ಮುಚ್ಚುವುದರಿಂದ ಮಂಗಳವಾರದ ಒಳಗೇ ಬಿಡ್ ಹಾಕಿ ಮುಗಿಸುವುದು ಒಳ್ಳೆಯದು.

ಇದರ ತೊಡಕು ದಿನಾಂಕದ್ದು. ಶಿಕ್ಷಕಿಗೆ ಬೇಕಾದದ್ದು ನಾಲ್ಕು ತಿಂಗಳು. ಹರಾಜಿನಲ್ಲಿ ಸಿಗುವುದು ಮೂರು ತಿಂಗಳು ಇಲ್ಲವೇ ಆರು ತಿಂಗಳು. ಆರು ತಿಂಗಳದ್ದು ಕೊಂಡು ಅಕ್ಟೋಬರ್‌ನಲ್ಲಿ ಮಾರಿಬಿಡುತ್ತೇನೆ ಎನ್ನಬಹುದು. ಮಾರಲು ರಿಟೇಲ್ ಡೈರೆಕ್ಟ್ ಖಾತೆಯಲ್ಲೇ ಅವಕಾಶವೂ ಇದೆ. ಆದರೆ ಆ ಮಾರುಕಟ್ಟೆಯಲ್ಲಿ ವ್ಯವಹಾರ ನಡೆಯುವುದು ಕೋಟಿಗಳಲ್ಲಿ. ನಾಲ್ಕೈದು ಲಕ್ಷದ ಬಿಲ್ಲಿಗೆ ಆ ದಿನ, ಆ ಬೆಲೆಗೆ ಕೊಳ್ಳುವವರು ಸಿಗುತ್ತಾರೆಂಬ ಖಾತ್ರಿ ಇಲ್ಲ. ಆದ್ದರಿಂದ ಟಿ-ಬಿಲ್ಲನ್ನು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಕೊಳ್ಳಬೇಕು. ಮಧ್ಯೆ ಆಸ್ಪತ್ರೆಯ ಖರ್ಚೋ ಮತ್ತೊಂದೋ ಬರಬಹುದಾದ ಹಣಕ್ಕೆ ಅದು ಹೊಂದುವುದಿಲ್ಲ.

ಕಂಪನಿಯ ಕೈಬರಹ

ಕಮರ್ಷಿಯಲ್ ಪೇಪರ್ ಕೂಡ ಇದೇ ರೀತಿ ಕಡಿಮೆ ಬೆಲೆಗೆ ಕೊಂಡು ಪೂರ್ತಿ ಮುಖಬೆಲೆ ಪಡೆಯುವ ಪತ್ರ. ಸಾಲ ಪಡೆಯುವವರು ಮಾತ್ರ ಸರ್ಕಾರವಲ್ಲ, ಕಂಪನಿ. ಎನ್. ವಾಘುಲ್ ಅವರ ನೇತೃತ್ವದ ಸಮಿತಿ ಮಾಡಿದ ಶಿಫಾರಸಿನಂತೆ ಭಾರತದಲ್ಲಿ 1990ರಲ್ಲಿ ಇದು ಜಾರಿಗೆ ಬಂತು. ಏಳು ದಿನದಿಂದ ಒಂದು ವರ್ಷದವರೆಗಿನ ಅವಧಿ, ಕನಿಷ್ಠ ಮೊತ್ತ ಐದು ಲಕ್ಷ. ತೈಲ ಕಂಪನಿಗಳು, ನಬಾರ್ಡ್‌ನಂಥ ಸಂಸ್ಥೆಗಳು, ಮನೆ ಸಾಲ, ವಾಹನ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ಇದನ್ನು ಹೊರಡಿಸುತ್ತವೆ. ಬ್ಯಾಂಕಿನಲ್ಲಿ ಸಾಲ ಪಡೆಯುವುದಕ್ಕಿಂತ ಹೀಗೆ ಪೇಟೆಯಿಂದ ನೇರವಾಗಿ ಎತ್ತುವುದು ಒಳ್ಳೆಯ ಹೆಸರಿರುವ ಕಂಪನಿಗೆ ಅಗ್ಗ.

ಇದರ ಬಗ್ಗೆ ತಿಳಿಯಲೇಬೇಕಾದ ಸಂಗತಿ ಎಂದರೆ ಇದಕ್ಕೆ ಯಾವ ಅಡಮಾನವೂ ಇರುವುದಿಲ್ಲ. ಕಾರ್ಖಾನೆಯೋ ಜಮೀನೋ ಯಾವುದೂ ಇದರ ಹಿಂದಿಲ್ಲ. ಇಂಥ ದಿನ ಇಷ್ಟು ಕೊಡುತ್ತೇನೆ ಎಂದು ಕಂಪನಿ ಬರೆದುಕೊಡುವ ಪ್ರಾಮಿಸರಿ ನೋಟು ಅಷ್ಟೆ. ಕಂಪನಿ ಮುಳುಗಿದರೆ ಅಡಮಾನ ಇಟ್ಟುಕೊಂಡ ಬ್ಯಾಂಕುಗಳದ್ದು ಮೊದಲ ಸರದಿ, ಪೇಪರ್ ಹಿಡಿದವರದ್ದು ಅವರ ಹಿಂದೆ. ಆದ್ದರಿಂದಲೇ ರೇಟಿಂಗ್ ಇಲ್ಲದೆ ಪೇಪರ್ ಹೊರಡಿಸುವಂತಿಲ್ಲ. ಎ1+ ಎಂಬುದು ಅತಿ ಭದ್ರ ಎಂಬುದರ ಗುರುತು. ಅಲ್ಲಿಂದ ಎ1, ಎ2 ಎಂದು ಕೆಳಗಿಳಿಯುತ್ತದೆ, ಕಟ್ಟಕಡೆಗೆ ಡಿ. ಡಿ ಎಂದರೆ ಹಣ ಕೊಡಬೇಕಾದ ದಿನ ಕೊಟ್ಟಿಲ್ಲ.

ಇನ್ನೊಂದು ಸಂಗತಿ ರೇಟಿಂಗ್ ಪತ್ರದಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಎಷ್ಟೋ ಕಂಪನಿಗಳು ಹಳೆಯ ಪೇಪರಿನ ಹಣ ತೀರಿಸುವುದು ಹೊಸ ಪೇಪರ್ ಮಾರಿ ಬಂದ ಹಣದಿಂದ. ಪೇಟೆಯಲ್ಲಿ ನಂಬಿಕೆ ಇರುವವರೆಗೆ ಈ ಚಕ್ರ ತಿರುಗುತ್ತಲೇ ಇರುತ್ತದೆ. ಐಎಲ್ ಆ್ಯಂಡ್ ಎಫ್ಎಸ್ ಸಮೂಹದಲ್ಲಿ ಆದದ್ದು ಇದೇ. ಹೆದ್ದಾರಿ, ಸುರಂಗ, ವಿದ್ಯುತ್ ಯೋಜನೆಗಳು ಹಣ ಹಿಂದಿರುಗಿಸಲು ಹತ್ತು ಹದಿನೈದು ವರ್ಷ ಹಿಡಿಯುತ್ತವೆ. ಆ ಸಮೂಹ ಇಂಥ ಯೋಜನೆಗಳನ್ನು ನಡೆಸುತ್ತಾ, ಸಾಲದ ಒಂದು ಭಾಗವನ್ನು ತಿಂಗಳುಗಳ ಲೆಕ್ಕದಲ್ಲಿ ಎತ್ತುತ್ತಿತ್ತು. 2018ರ ಆಗಸ್ಟ್ ಆರಂಭದವರೆಗೆ ಅದರ ರೇಟಿಂಗ್ ಅತ್ಯುನ್ನತ ದರ್ಜೆಯದಾಗಿತ್ತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಅದು ಡಿಗೆ ಇಳಿಯಿತು. ನಡುವೆ ಇದ್ದದ್ದು ಆರೇಳು ವಾರ. ಸಮೂಹದ ಮೇಲಿದ್ದ ಒಟ್ಟು ಸಾಲ ಸುಮಾರು 91,000 ಕೋಟಿ ರೂಪಾಯಿ. ಅಕ್ಟೋಬರ್ 1ರಂದು ಸರ್ಕಾರ ಕಂಪನಿ ನ್ಯಾಯಮಂಡಳಿಯ ಅನುಮತಿ ಪಡೆದು ಇಡೀ ಆಡಳಿತ ಮಂಡಳಿಯನ್ನೇ ಬದಲಿಸಬೇಕಾಯಿತು. ಆ ಸಮೂಹದ ಪೇಪರುಗಳನ್ನು ಇಟ್ಟುಕೊಂಡಿದ್ದವರಲ್ಲಿ ಹಲವು ಲಿಕ್ವಿಡ್ ಫಂಡ್‌ಗಳೂ ಇದ್ದವು.

ಈಗ ಕೆಲವು ಆನ್‌ಲೈನ್ ವೇದಿಕೆಗಳು ವ್ಯಕ್ತಿಗಳಿಗೂ ಕಮರ್ಷಿಯಲ್ ಪೇಪರ್ ಮಾರುತ್ತವೆ. ಕಾನೂನಿನಲ್ಲಿ ಅವಕಾಶವಿದೆ. ಆದರೆ 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಂದು ಬಿಡುಗಡೆಯಲ್ಲಿ ಎಲ್ಲ ವ್ಯಕ್ತಿಗಳಿಗೂ ಸೇರಿ ಕಾಲು ಪಾಲಿಗಿಂತ ಹೆಚ್ಚು ಹೋಗುವಂತಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎಂಟು ಲಕ್ಷ ಇರುವವರು ಕನಿಷ್ಠ ಐದು ಲಕ್ಷವನ್ನು ಒಂದೇ ಕಂಪನಿಯ ಅಡಮಾನವಿಲ್ಲದ ಮಾತಿನ ಮೇಲೆ ಇಡುವುದು ಸರಿಯಲ್ಲ. ಒಂದೆರಡು ಸಾವಿರ ರೂಪಾಯಿ ಹೆಚ್ಚು ಸಿಗುತ್ತದೆ ಎಂಬ ಕಾರಣಕ್ಕೆ ಮನೆಯ ಪಾಯದ ದುಡ್ಡನ್ನು ಹಾಗೆ ಒಡ್ಡಬಾರದು. ಮನೆಮಂದಿಗೆ ಕಮರ್ಷಿಯಲ್ ಪೇಪರ್ ತಲುಪುವುದಿದ್ದರೆ ಹತ್ತಾರು ಕಂಪನಿಗಳಿಗೆ ಹಂಚಿದ ಫಂಡ್ ಮೂಲಕವೇ ತಲುಪಬೇಕು.

ಬುಟ್ಟಿ

ಲಿಕ್ವಿಡ್ ಫಂಡ್ ಮ್ಯೂಚುವಲ್ ಫಂಡ್‌ಗಳಲ್ಲಿ ಒಂದು ಬಗೆ. ಅದು ಕೊಳ್ಳುವ ಯಾವ ಪತ್ರಕ್ಕೂ 91 ದಿನಕ್ಕಿಂತ ಹೆಚ್ಚು ಅವಧಿ ಉಳಿದಿರಬಾರದು ಎಂಬುದು ಸೆಬಿಯ ನಿಯಮ. ಒಳಗೆ ಇರುವುದು ಟಿ-ಬಿಲ್, ಕಮರ್ಷಿಯಲ್ ಪೇಪರ್ ಮತ್ತು ಬ್ಯಾಂಕುಗಳು ಹೊರಡಿಸುವ ಸರ್ಟಿಫಿಕೇಟ್ ಆಫ್ ಡಿಪಾಸಿಟ್. ಪತ್ರಗಳು ಬೇಗ ಬೇಗ ಹಣ್ಣಾಗುತ್ತಿರುವುದರಿಂದ ಬಡ್ಡಿದರದ ಏರಿಳಿತ ಇಲ್ಲಿ ಹೆಚ್ಚು ತಟ್ಟುವುದಿಲ್ಲ.

ನಮ್ಮ ಶಿಕ್ಷಕಿಯ ಹಣಕ್ಕೆ ಖರ್ಚು ಕಳೆದು ಶೇ 6 ಸಿಗುತ್ತದೆ ಎಂದು ಇಟ್ಟುಕೊಂಡರೆ ನಾಲ್ಕು ತಿಂಗಳಿಗೆ ಸುಮಾರು 16,000 ರೂಪಾಯಿ ಆಗುತ್ತದೆ. ನಾಲ್ಕೂ ತಿಂಗಳು ಟಿ-ಬಿಲ್ ದರದಲ್ಲೇ ಇಡಲು ಸಾಧ್ಯವಾಗಿದ್ದರೆ ಸುಮಾರು 14,700. ಎರಡರ ನಡುವಿನ ಅಂತರ 1,300 ರೂಪಾಯಿ. ಉಳಿತಾಯ ಖಾತೆಗೆ ಹೋಲಿಸಿದರೆ ಎರಡೂ ಇಮ್ಮಡಿಗಿಂತ ಹೆಚ್ಚು. ಹಾಗಾದರೆ ಕೇಳಬೇಕಾದ ಪ್ರಶ್ನೆ ಇಷ್ಟೆ: ಆ 1,300 ರೂಪಾಯಿ ಎಲ್ಲಿಂದ ಬರುತ್ತಿದೆ? ಬಹುಪಾಲು ಅದು ಕಂಪನಿಗಳ ಮತ್ತು ಬ್ಯಾಂಕುಗಳ ಪತ್ರಗಳಿಂದ ಬರುತ್ತದೆ. ಸರ್ಕಾರಕ್ಕಿಂತ ಅವು ತುಸು ಹೆಚ್ಚು ಕೊಡುತ್ತವೆ, ಏಕೆಂದರೆ ಅವು ತಪ್ಪಿಸಿಕೊಳ್ಳುವ ಸಾಧ್ಯತೆ ತುಸು ಹೆಚ್ಚು.

ತಪ್ಪಿಸಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಕರಣ ಸಾಕು. 2017ರ ಫೆಬ್ರವರಿಯಲ್ಲಿ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಎಂಬ ಕಾಗದ ತಯಾರಿಕಾ ಕಂಪನಿಯ ರೇಟಿಂಗ್ ಕುಸಿಯಿತು. ಟಾರಸ್ ಲಿಕ್ವಿಡ್ ಫಂಡ್‌ನಲ್ಲಿ ಆ ಕಂಪನಿಯ ಕಮರ್ಷಿಯಲ್ ಪೇಪರ್ ಇತ್ತು. ಅದರ ಬೆಲೆಯನ್ನು ಕಡಿತ ಮಾಡಬೇಕಾಗಿ ಬಂದು ಫಂಡಿನ ಒಂದು ಯೂನಿಟ್ಟಿನ ಮೌಲ್ಯ, ಅಂದರೆ ಎನ್‌ಎವಿ, ಒಂದೇ ದಿನದಲ್ಲಿ ಸುಮಾರು ಶೇ 7ರಷ್ಟು ಬಿತ್ತು. ನಮ್ಮ ಶಿಕ್ಷಕಿಯ ಎಂಟು ಲಕ್ಷಕ್ಕೆ ಅನ್ವಯಿಸಿದರೆ ಅದು 56,000 ರೂಪಾಯಿ. ನಾಲ್ಕು ತಿಂಗಳಲ್ಲಿ ಗಳಿಸಬಹುದಾದ ಹದಿನಾರು ಸಾವಿರವೂ ಹೋಗಿ, ಅಸಲಿನಿಂದ ನಲವತ್ತು ಸಾವಿರ ಕೈಬಿಡುತ್ತಿತ್ತು. ಇಷ್ಟು ದೊಡ್ಡ ಕುಸಿತ ಲಿಕ್ವಿಡ್ ಫಂಡ್‌ಗಳಲ್ಲಿ ಅಪರೂಪ, ಇದನ್ನು ಒತ್ತಿ ಹೇಳಬೇಕು. ಅಂದಿನಿಂದ ನಿಯಮಗಳೂ ಬಿಗಿಯಾಗಿವೆ. ಆದರೆ ಒಂದು ಕಡೆ 1,300, ಇನ್ನೊಂದು ಕಡೆ 56,000 ಎಂಬ ತಕ್ಕಡಿಯನ್ನು ಕಣ್ಣೆದುರು ಇಟ್ಟುಕೊಂಡೇ ಫಂಡ್ ಆರಿಸಬೇಕು.

ಬಿಗಿಯಾದ ನಿಯಮಗಳು ಯಾವುವು? ಐಎಲ್ ಆ್ಯಂಡ್ ಎಫ್ಎಸ್ ಕುಸಿತದ ನಂತರ 2019ರಲ್ಲಿ ಸೆಬಿ ಲಿಕ್ವಿಡ್ ಫಂಡ್‌ಗಳು ಕನಿಷ್ಠ ಐದನೇ ಒಂದು ಪಾಲನ್ನು ನಗದು, ಟಿ-ಬಿಲ್‌ನಂಥ ತಕ್ಷಣ ಹಣವಾಗುವ ರೂಪದಲ್ಲಿ ಇಟ್ಟುಕೊಳ್ಳಬೇಕೆಂದಿತು. ಏಳು ದಿನದೊಳಗೆ ಹಣ ತೆಗೆಯುವವರಿಗೆ ಚಿಕ್ಕ ನಿರ್ಗಮನ ಶುಲ್ಕ ಬಂತು. ಅದು ಎಷ್ಟು ಚಿಕ್ಕದೆಂದರೆ, ಮೊದಲ ದಿನವೇ ಎಂಟು ಲಕ್ಷ ತೆಗೆದರೂ 56 ರೂಪಾಯಿ. ಮನೆಮಂದಿಗೆ ಅದು ಲೆಕ್ಕಕ್ಕಿಲ್ಲ. ನೂರಾರು ಕೋಟಿ ತಂದು ಎರಡು ದಿನದಲ್ಲಿ ಎತ್ತಿಕೊಂಡು ಹೋಗುವ ಕಂಪನಿಗಳನ್ನು ತಡೆಯುವುದಕ್ಕೆ ಮಾಡಿದ್ದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಬದಲಾವಣೆ 2020ರ ಏಪ್ರಿಲ್‌ನದು. ಅದಕ್ಕೆ ಮೊದಲು, ಅವಧಿ ಮುಗಿಯಲು ಕೆಲವೇ ವಾರ ಉಳಿದಿದ್ದ ಪತ್ರಗಳ ಬೆಲೆಯನ್ನು ದಿನಕ್ಕಿಷ್ಟು ಎಂದು ಸಮನಾಗಿ ಏರಿಸುತ್ತಾ ಹೋಗಬಹುದಿತ್ತು. ಪೇಟೆಯಲ್ಲಿ ಆ ಪತ್ರಕ್ಕೆ ನಿಜವಾಗಿ ಎಷ್ಟು ಬೆಲೆ ಎಂಬುದು ಎನ್‌ಎವಿಯಲ್ಲಿ ಕಾಣುತ್ತಿರಲಿಲ್ಲ. ಹಾಗಾಗಿ ಲಿಕ್ವಿಡ್ ಫಂಡ್ ಎಂದರೆ ಎಂದೂ ಇಳಿಯದ ಗೆರೆ ಎಂದು ಜನ ನಂಬಿದ್ದರು. ಈಗ ಎಲ್ಲ ಪತ್ರಗಳಿಗೂ ಪ್ರತಿದಿನ ಪೇಟೆಯ ಬೆಲೆಯನ್ನೇ ಹಾಕಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಎಲ್ಲರೂ ಒಟ್ಟಿಗೆ ಪತ್ರ ಮಾರಲು ಹೊರಟಾಗ ಲಿಕ್ವಿಡ್ ಫಂಡ್‌ಗಳ ಎನ್‌ಎವಿ ಕೆಲವು ದಿನ ತುಸು ಇಳಿದದ್ದೂ ಉಂಟು, ಕೆಲವೇ ದಿನಗಳಲ್ಲಿ ಅದು ಸರಿಹೋಯಿತು. ಇಂಥ ಇಳಿತವನ್ನೂ ಬಲ್ಲಾರ್‌ಪುರ್ ಬಗೆಯ ಇಳಿತವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಪೇಟೆಯ ಬಡ್ಡಿ ಏರಿದ್ದಕ್ಕೆ ಆದ ಇಳಿತ ಎಲ್ಲ ಲಿಕ್ವಿಡ್ ಫಂಡ್‌ಗಳಲ್ಲೂ ಒಟ್ಟಿಗೆ, ಸ್ವಲ್ಪವೇ ಆಗುತ್ತದೆ, ಪತ್ರಗಳು ಹಣ್ಣಾಗುತ್ತಿದ್ದಂತೆ ಹಿಂದಿರುಗುತ್ತದೆ. ನಿಮ್ಮ ಫಂಡ್ ಒಂದೇ ಬಿದ್ದು ಉಳಿದವು ನೆಟ್ಟಗಿದ್ದರೆ ಅದರೊಳಗಿನ ಯಾವುದೋ ಕಂಪನಿ ಕೈಕೊಟ್ಟಿದೆ ಎಂದೇ ಅರ್ಥ.

ಹಾಳೆಯನ್ನು ಬಿಡಿಸಿ ನೋಡುವುದು

ಇದನ್ನು ಮುಂಚೆಯೇ ಊಹಿಸಲು ದಾರಿ ಇದೆ, ಅದೂ ಖರ್ಚಿಲ್ಲದ ದಾರಿ. ಡೆಟ್ ಫಂಡ್‌ಗಳು ತಮ್ಮಲ್ಲಿರುವ ಪ್ರತಿಯೊಂದು ಪತ್ರದ ಪಟ್ಟಿಯನ್ನು ಹದಿನೈದು ದಿನಕ್ಕೊಮ್ಮೆ ತಮ್ಮ ತಾಣದಲ್ಲಿ ಹಾಕಬೇಕು. ಎಕ್ಸೆಲ್ ಹಾಳೆಯ ರೂಪದಲ್ಲಿ ಇರುತ್ತದೆ. ತೆರೆದರೆ ನೂರಾರು ಸಾಲು ಕಂಡು ಗಾಬರಿಯಾಗುತ್ತದೆ, ಆದರೆ ಓದಬೇಕಾದ ಕಾಲಂಗಳು ಮೂರ್ನಾಲ್ಕೇ. ಪತ್ರ ಹೊರಡಿಸಿದವರ ಹೆಸರು, ರೇಟಿಂಗ್, ಫಂಡಿನ ಒಟ್ಟು ಹಣದಲ್ಲಿ ಅದರ ಶೇಕಡಾ ಪಾಲು, ಮತ್ತು ಇಳುವರಿ.

ಪಕ್ಕದಲ್ಲಿ ಐಎಸ್‌ಐಎನ್ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಆದರೆ ಅದು ಬಹಳ ಹೇಳುತ್ತದೆ. IN0020 ಎಂದು ಶುರುವಾದರೆ ಅದು ಕೇಂದ್ರ ಸರ್ಕಾರದ ಪತ್ರ. ಆಮೇಲೆ ವರ್ಷದ ಎರಡು ಅಂಕಿ, ಅದರ ಪಕ್ಕದಲ್ಲಿ X ಇದ್ದರೆ 91 ದಿನದ ಬಿಲ್, Y ಇದ್ದರೆ 182 ದಿನದ್ದು, Z ಇದ್ದರೆ 364 ದಿನದ್ದು. INE ಎಂದು ಶುರುವಾದರೆ ಕಂಪನಿ ಅಥವಾ ಬ್ಯಾಂಕಿನದು. ಅದರ ಎಂಟು, ಒಂಬತ್ತನೇ ಸ್ಥಾನದಲ್ಲಿ 14 ಇದ್ದರೆ ಕಮರ್ಷಿಯಲ್ ಪೇಪರ್, 16 ಇದ್ದರೆ ಬ್ಯಾಂಕಿನ ಸರ್ಟಿಫಿಕೇಟ್ ಆಫ್ ಡಿಪಾಸಿಟ್. ಇಷ್ಟು ಗೊತ್ತಿದ್ದರೆ ಬುಟ್ಟಿಯಲ್ಲಿ ಸರ್ಕಾರದ್ದೆಷ್ಟು, ಬ್ಯಾಂಕಿನದೆಷ್ಟು, ಕಂಪನಿಗಳದ್ದೆಷ್ಟು ಎಂದು ಹತ್ತು ನಿಮಿಷದಲ್ಲಿ ಹೇಳಬಹುದು.

ನಂತರ ಇಳುವರಿಯ ಕಾಲಂ ಮೇಲಿಂದ ಕೆಳಗೆ ಕಣ್ಣಾಡಿಸಿ. ಹೆಚ್ಚಿನ ಸಾಲುಗಳು ಒಂದೇ ಮಟ್ಟದಲ್ಲಿರುತ್ತವೆ. ಅಷ್ಟೇ ಅವಧಿಯ ಪಕ್ಕದ ಪತ್ರಗಳಿಗಿಂತ ಎದ್ದು ಕಾಣುವಂತೆ ಒಂದು ಹೆಸರು ಹೆಚ್ಚು ಕೊಡುತ್ತಿದ್ದರೆ, ರೇಟಿಂಗ್ ಎ1+ ಎಂದಿದ್ದರೂ ಅಲ್ಲಿ ನಿಲ್ಲಿ. ರೇಟಿಂಗ್ ಸಂಸ್ಥೆಗಿಂತ ಪೇಟೆಗೆ ಮೊದಲೇ ಸುಳಿವು ಸಿಕ್ಕಿರುವುದು ಎಷ್ಟೋ ಸಲ ಉಂಟು. ಒಂದೇ ಸಮೂಹದ ಬೇರೆ ಬೇರೆ ಹೆಸರಿನ ಕಂಪನಿಗಳನ್ನು ಒಟ್ಟು ಸೇರಿಸಿ ಪಾಲು ಎಷ್ಟಾಯಿತು ಎಂದು ನೋಡುವುದೂ ಅಷ್ಟೇ ಅಗತ್ಯ. ಒಂದು ಸಮೂಹದ ಪತ್ರಗಳು ಫಂಡಿನ ಶೇ 5ರಷ್ಟಿದ್ದು ಅವು ಪೂರ್ತಿ ಮುಳುಗಿದರೆ, ಶೇ 6ರ ಲೆಕ್ಕದಲ್ಲಿ ಹತ್ತು ತಿಂಗಳ ಗಳಿಕೆ ಒಂದೇ ಬಾರಿ ಹೋಗುತ್ತದೆ. ಫಂಡ್ ತೀರಾ ಚಿಕ್ಕದಾಗಿದ್ದರೆ ಕೂಡ ಎಚ್ಚರ ಬೇಕು. ಸುದ್ದಿ ಬಂದ ದಿನ ದೊಡ್ಡ ಹೂಡಿಕೆದಾರರು ಮೊದಲು ಹೊರಗೆ ಹೋಗುತ್ತಾರೆ. ಫಂಡ್ ಒಳ್ಳೆಯ ಪತ್ರಗಳನ್ನು ಮಾರಿ ಅವರಿಗೆ ಕೊಟ್ಟರೆ, ಉಳಿದವರ ಪಾಲಿಗೆ ಕೆಟ್ಟ ಪತ್ರದ ಅಂಶ ಹೆಚ್ಚಾಗುತ್ತದೆ. ಕೈಕೊಟ್ಟ ಪತ್ರವನ್ನು ಬೇರೆಯಾಗಿ ತೆಗೆದಿಡಲು 2018ರ ಕೊನೆಯಿಂದ ಅವಕಾಶವಿದೆ. ಅದು ನ್ಯಾಯವಾದ ಏರ್ಪಾಡು, ಆದರೆ ಆ ಪಾಲಿನ ಹಣ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಪಾಯ ತೆಗೆಸಬೇಕಾದವರಿಗೆ ಅಂಥ ಹಣ ಇದ್ದೂ ಇಲ್ಲದಂತೆ.

ಹಾಳೆ ಓದಲು ಕೂರಲಾಗದವರಿಗೆ ಒಂದು ಸುಲಭದ ಗುರುತಿದೆ. ಪ್ರತಿ ಡೆಟ್ ಫಂಡ್‌ನ ಪತ್ರದಲ್ಲಿ ಒಂಬತ್ತು ಚೌಕಗಳ ಒಂದು ಕೋಷ್ಟಕ ಇರುತ್ತದೆ. ಫಂಡ್ ಹೆಚ್ಚೆಂದರೆ ಎಷ್ಟು ಅಪಾಯ ತೆಗೆದುಕೊಳ್ಳಬಹುದು ಎಂಬುದನ್ನು ಅದು ತೋರಿಸುತ್ತದೆ. A-I ಎಂಬ ಚೌಕದಲ್ಲಿದ್ದರೆ ಕಂಪನಿ ಕೈಕೊಡುವ ಅಪಾಯವೂ ಬಡ್ಡಿದರದ ಅಪಾಯವೂ ಕನಿಷ್ಠ. B-I ಆದರೆ ಮೊದಲನೆಯದು ಮಧ್ಯಮ. ಲಿಕ್ವಿಡ್ ಫಂಡ್‌ಗಳು ಈ ಎರಡೂ ಕಡೆ ಸಿಗುತ್ತವೆ. ಮನೆ ಕಟ್ಟುವ ಹಣಕ್ಕೆ ನಾನು A-I ಬಿಟ್ಟು ಬೇರೆಡೆ ನೋಡುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಅಲ್ಟ್ರಾ ಶಾರ್ಟ್, ಲೋ ಡ್ಯುರೇಶನ್ ಎಂಬ ಹೆಸರಿನ ಫಂಡ್‌ಗಳನ್ನು ಲಿಕ್ವಿಡ್ ಫಂಡ್‌ಗೆ ಅಣ್ಣತಮ್ಮ ಎಂಬಂತೆ ಪರಿಚಯಿಸುತ್ತಾರೆ. ಅವುಗಳಿಗೆ 91 ದಿನದ ಮಿತಿ ಇಲ್ಲ. ಫ್ರಾಂಕ್ಲಿನ್ ಟೆಂಪಲ್ಟನ್ 2020ರ ಏಪ್ರಿಲ್ 23ರಂದು ಒಮ್ಮೆಲೇ ಮುಚ್ಚಿದ ಆರು ಫಂಡ್‌ಗಳಲ್ಲಿ ಅಲ್ಟ್ರಾ ಶಾರ್ಟ್ ಕೂಡ ಒಂದು, ಲೋ ಡ್ಯುರೇಶನ್ ಕೂಡ ಒಂದು. ಸುಮಾರು 25,000 ಕೋಟಿ ರೂಪಾಯಿ ಅಲ್ಲಿ ಸಿಲುಕಿತು. ಹೂಡಿದವರಿಗೆ ಮೊದಲ ಕಂತು ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. ಆ ಸಂಸ್ಥೆಯ ಲಿಕ್ವಿಡ್ ಫಂಡ್ ಆ ಆರರಲ್ಲಿ ಇರಲಿಲ್ಲ.

ಈಗ ಶಿಕ್ಷಕಿಯ ಲೆಕ್ಕ ಮುಗಿಸೋಣ. ಜೂನ್ ಮಧ್ಯದ ಬುಧವಾರದ ಹರಾಜಿನಲ್ಲಿ ಆರು ಲಕ್ಷ ಮುಖಬೆಲೆಯ 91 ದಿನದ ಬಿಲ್ ಕೊಳ್ಳಲಿ. ಉಳಿದ ಎರಡು ಲಕ್ಷ A-I ಚೌಕದ ಒಂದು ಲಿಕ್ವಿಡ್ ಫಂಡ್‌ಗೆ, ಏಜೆಂಟರ ಕಮಿಷನ್ ಇಲ್ಲದ 'ಡೈರೆಕ್ಟ್' ಪ್ಲ್ಯಾನ್‌ನಲ್ಲಿ ಹೋಗಲಿ. ಮಧ್ಯೆ ತುರ್ತು ಬಂದರೆ ಎರಡನೆಯದನ್ನು ತೆಗೆಯಬಹುದು. ಎಷ್ಟೋ ಫಂಡ್‌ಗಳು ದಿನಕ್ಕೆ 50,000 ರೂಪಾಯಿವರೆಗೆ ಕೂಡಲೇ ಖಾತೆಗೆ ಹಾಕುವ ಸೌಲಭ್ಯ ಕೊಡುತ್ತವೆ. ಸೆಪ್ಟೆಂಬರ್ ಮಧ್ಯದ ಗುರುವಾರ ಬಿಲ್ಲಿನ ಆರು ಲಕ್ಷ ಬ್ಯಾಂಕಿಗೆ ಬಂದು ಬೀಳುತ್ತದೆ, ಅದನ್ನು ಕೊನೆಯ ಒಂದು ತಿಂಗಳಿಗೆ ಅದೇ ಫಂಡ್‌ಗೆ ಸೇರಿಸಬಹುದು. ಮಧ್ಯಾಹ್ನ ಒಂದೂವರೆಯೊಳಗೆ ಹಣ ಫಂಡಿನ ಖಾತೆಗೆ ತಲುಪಿದರೆ ಹಿಂದಿನ ದಿನದ ಎನ್‌ಎವಿ ಸಿಗುತ್ತದೆ, ಅಂದರೆ ಆ ದಿನದ ಗಳಿಕೆಯೂ ಲೆಕ್ಕಕ್ಕೆ ಬರುತ್ತದೆ. ತೆಗೆಯುವಾಗ ಮಧ್ಯಾಹ್ನ ಮೂರರೊಳಗೆ ಹೇಳಿದರೆ ಮುಂದಿನ ಕೆಲಸದ ದಿನ ಹಣ ಬರುತ್ತದೆ. ಶುಕ್ರವಾರ ಹೇಳಿದರೆ ಸೋಮವಾರ ಬರುತ್ತದೆ, ಶನಿವಾರ ಭಾನುವಾರದ ಗಳಿಕೆಯೂ ಜೊತೆಗೇ ಸಿಗುತ್ತದೆ. ದಸರಾ ರಜೆಗಳು ಸಾಲಾಗಿ ಬರುವ ತಿಂಗಳಾದ್ದರಿಂದ ಮೇಸ್ತ್ರಿಗೆ ಮುಂಗಡ ಕೊಡಬೇಕಾದ ದಿನಕ್ಕಿಂತ ಒಂದು ವಾರ ಮೊದಲೇ ತೆಗೆದಿಡಲಿ.

ತೆರಿಗೆಯಲ್ಲಿ ಎರಡಕ್ಕೂ ರಿಯಾಯಿತಿ ಇಲ್ಲ. 2023ರ ಏಪ್ರಿಲ್‌ನಿಂದ ಈಚೆಗೆ ಕೊಂಡ ಲಿಕ್ವಿಡ್ ಫಂಡ್‌ನ ಲಾಭವೂ, ಟಿ-ಬಿಲ್ಲಿನ ಲಾಭವೂ ಅವರ ಉಳಿದ ಆದಾಯಕ್ಕೆ ಸೇರಿ ಅವರ ಸ್ಲ್ಯಾಬ್ ದರದಲ್ಲೇ ತೆರಿಗೆ ಬೀಳುತ್ತದೆ. ಇಲ್ಲಿ ನಿಂತು ಒಂದು ಲೆಕ್ಕ ಮಾಡಬೇಕು. ಶಿಕ್ಷಕಿಗೆ ಅರವತ್ತು ತುಂಬಿದೆ. ಅವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಬ್ಯಾಂಕಿನ ಉಳಿತಾಯ ಮತ್ತು ಠೇವಣಿ ಬಡ್ಡಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಉಂಟು. ಬಿಲ್ಲಿಗೂ ಫಂಡ್‌ಗೂ ಅದು ಇಲ್ಲ. ಆ ಮಿತಿ ಬೇರೆ ಠೇವಣಿಗಳಿಂದ ತುಂಬಿರದಿದ್ದರೆ, ನಾಲ್ಕು ತಿಂಗಳ ಸಾಮಾನ್ಯ ಬ್ಯಾಂಕ್ ಎಫ್‌ಡಿಯೇ ತೆರಿಗೆ ಕಳೆದು ಮುಂದೆ ಬರಬಹುದು. ದಿನಾಂಕವೂ ಬೇಕಾದಷ್ಟಕ್ಕೆ ಹೊಂದುತ್ತದೆ. ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ಠೇವಣಿ ವಿಮೆಯೂ ಇರುವುದರಿಂದ ಎಂಟು ಲಕ್ಷವನ್ನು ಎರಡು ಬ್ಯಾಂಕುಗಳಿಗೆ ಹಂಚಬೇಕಷ್ಟೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲದ್ದರಿಂದ ಮೇಲಿನ ಲೆಕ್ಕವೇ ನಿಲ್ಲುತ್ತದೆ.

ಯಾವುದನ್ನೇ ಆರಿಸಿದರೂ ಖಾತೆಗಳ ಕೆಲಸವನ್ನು ಹಣ ಬರುವ ಮೊದಲೇ ಮುಗಿಸಿಕೊಳ್ಳಬೇಕು. ರಿಟೇಲ್ ಡೈರೆಕ್ಟ್ ಖಾತೆಗೂ ಫಂಡಿಗೂ ಗುರುತಿನ ಪರಿಶೀಲನೆ ಆಗಬೇಕು. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ರೀತಿ ಇಲ್ಲದಿದ್ದರೆ ಅಲ್ಲೇ ಕೆಲವು ದಿನ ಹೋಗುತ್ತದೆ. ಮದುವೆಗೆ ಮೊದಲಿನ ಇನಿಷಿಯಲ್ ಒಂದರಲ್ಲಿ, ಗಂಡನ ಹೆಸರು ಇನ್ನೊಂದರಲ್ಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಏಪ್ರಿಲ್, ಮೇ ತಿಂಗಳಲ್ಲೇ ಅದನ್ನು ಸರಿಪಡಿಸಿ, ಎರಡೂ ಕಡೆ ನಾಮಿನಿ ಹೆಸರು ಬರೆಸಿ, ಹತ್ತು ಸಾವಿರ ರೂಪಾಯಿಯ ಒಂದು ಬಿಲ್ ಕೊಂಡು ನೋಡಿದರೆ ಜೂನ್‌ನಲ್ಲಿ ಎಂಟು ಲಕ್ಷ ಬಂದ ವಾರವೇ ಅದು ಕೆಲಸಕ್ಕೆ ಹತ್ತುತ್ತದೆ.